ಸಾವಿರ ಮಂದಿಯ ಋಣ, 36 ಮಗ್‌ಗಳ ಲೆಕ್ಕ

ಕಳೆದ ತಿಂಗಳ ಒಂದು ರಾತ್ರಿ, ಹತ್ತೂವರೆ ಗಂಟೆ. ಆವಿಗೆಯ ಮೀಟರು 1,140 ಡಿಗ್ರಿ ತೋರಿಸುತ್ತಿತ್ತು. ಅದನ್ನೇ ನೋಡುತ್ತ ಕೂತಿದ್ದಾಗ ಮೊಬೈಲು ಟಿಣ್ ಎಂದಿತು. ಮೈಸೂರಿನಲ್ಲಿ ನಮ್ಮ ಮನೆಯ ಹಿಂದಿನ ಕಾರ್ ಶೆಡ್ಡಿನಲ್ಲಿ ನಾನು ನಡೆಸುವ ಕುಂಬಾರಿಕೆಯ ಪುಟ್ಟ ಸ್ಟುಡಿಯೋಗೆ ಇನ್‌ಸ್ಟಾಗ್ರಾಮಿನಲ್ಲಿ 999 ಇದ್ದ ಹಿಂಬಾಲಕರು 1,000 ಆಗಿದ್ದರು. ಇಷ್ಟಕ್ಕೆ ಮೂರು ವರ್ಷ ಹಿಡಿದಿತ್ತು. ಸಿನಿಮಾ ನಟರ ಮನೆಯ ನಾಯಿಗೂ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ, ನನಗೆ ಗೊತ್ತು. ಆದರೆ ಕಾರೇ ಇಲ್ಲದ ಕಾರ್ ಶೆಡ್ಡಿಗೆ ಸಾವಿರ ಎಂದರೆ ಜಾತ್ರೆಯೇ.

ಇಂಥ ದಿನ ಥ್ಯಾಂಕ್ಯೂ ಪೋಸ್ಟ್ ಹಾಕುವುದು ರೂಢಿ. ಬಲೂನು, ಕೇಕು, ಕೈ ಮುಗಿದ ಚಿತ್ರ, ಜೊತೆಗೆ ಒಂದು ಉಡುಗೊರೆ. 'ಎಲ್ಲರಿಗೂ ಒಂದೊಂದು ಮಗ್ ಕೊಟ್ಟುಬಿಡಿ' ಎಂದು ಒಬ್ಬರು ತಮಾಷೆಗೆ ಬರೆದರು. ನಾನು ಸುಮ್ಮನಿರದೆ ಲೆಕ್ಕ ಹಾಕಿದೆ. ನನ್ನ ಆವಿಗೆಯಲ್ಲಿ ಒಂದು ಸಲಕ್ಕೆ 36 ಮಗ್ ಹಿಡಿಯುತ್ತವೆ. ಮಣ್ಣು ತಿಗುರಿ ಏರಿದ ದಿನದಿಂದ ಮಗ್ ಕೈಗೆ ಬರಲು ಮೂರು ವಾರ. ಮೂವತ್ತಾರರಲ್ಲಿ ಉಳಿಯುವುದು ಎಷ್ಟು ಎಂಬುದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ 22 ಎಂದಿಟ್ಟುಕೊಳ್ಳಿ. ಸಾವಿರ ಮಗ್ ಆಗಬೇಕಾದರೆ 46 ಸಲ ಆವಿಗೆ ಸುಡಬೇಕು. ಅಂದರೆ ಎರಡೂವರೆ ವರ್ಷಕ್ಕೂ ಮೇಲೆ, ಬೇರೆ ಏನನ್ನೂ ಮಾಡದೆ.

ಹಾಗಾಗಿ ಒಂದೇ ಒಂದು ಆವಿಗೆಯಷ್ಟು ಮಗ್ ಮಾಡಿ, ಚೀಟಿ ಎತ್ತಿ ಹಂಚುವುದು ಎಂದು ತೀರ್ಮಾನಿಸಿದೆ. ಪೋಸ್ಟಿನಲ್ಲಿ ಕೇಕಿನ ಬದಲು, ಆ ಮೂವತ್ತಾರಕ್ಕೆ ಏನೇನಾಯಿತು ಎಂಬುದನ್ನು ಒಡೆದವುಗಳ ಫೋಟೋ ಸಮೇತ ಬರೆದೆ. ಹಾಗೆ ಬರೆಯಲು ಕಾರಣವಿತ್ತು. ಈ ಸಾವಿರದಲ್ಲಿ ನನಗೆ ನಿಜವಾಗಿ ಕೆಲಸ ಕಲಿಸಿದವರು ಹೃದಯದ ಚಿಹ್ನೆ ಒತ್ತಿದವರಲ್ಲ, ದೂರು ಹೇಳಿದವರು. ಮೊದಲ ಥ್ಯಾಂಕ್ಯೂ ಅವರಲ್ಲಿ ಇಬ್ಬರಿಗೆ ಸಲ್ಲಬೇಕು.

ಒಬ್ಬರು ದಾವಣಗೆರೆಯ ನಿವೃತ್ತ ಮೇಷ್ಟರು. ಶುರುವಿನ ದಿನಗಳಲ್ಲಿ ನನ್ನಿಂದ ಒಂದು ಮಗ್ ತರಿಸಿಕೊಂಡಿದ್ದರು. 300 ಎಂ.ಎಲ್. ಹಿಡಿಯುತ್ತದೆ ಎಂದು ನಾನು ಬರೆದಿದ್ದೆ. ಅವರು ಮೊಮ್ಮಗನ ಔಷಧಿಯ ಸಿರಿಂಜಿನಿಂದ ನೀರು ತುಂಬಿಸಿ ಅಳೆದು, 'ಅಮ್ಮಾ, ಇದರಲ್ಲಿ 204 ಹಿಡಿಯಿತು. ಉಳಿದ 96 ಎಲ್ಲಿ ಹೋಯಿತು?' ಎಂದು ಬರೆದರು. ಕೋಪವೇನೂ ಇರಲಿಲ್ಲ, ಪರೀಕ್ಷೆಯ ಪ್ರಶ್ನೆ ಕೇಳಿದ ಹಾಗಿತ್ತು.

ಹೋದದ್ದು ಬೆಂಕಿಗೆ. ಹಸಿ ಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ, ನಡುನಡುವೆ ನೀರಿನ ಪದರ. ಆ ನೀರು ಇರುವುದರಿಂದಲೇ ಮಣ್ಣು ಜಾರುತ್ತದೆ, ತಿಗುರಿಯ ಮೇಲೆ ಹೇಳಿದ ಮಾತು ಕೇಳುತ್ತದೆ. ಒಣಗಿದಾಗ ನೀರು ಹೋಗಿ ಕಣಗಳು ಹತ್ತಿರ ಸರಿಯುತ್ತವೆ. ಇದು ಮೊದಲನೆಯ ಕುಗ್ಗುವಿಕೆ. ಸಾವಿರ ಡಿಗ್ರಿ ದಾಟಿದ ಮೇಲೆ ಮಣ್ಣಿನಲ್ಲಿರುವ ಕೆಲವು ಖನಿಜಗಳು ಕರಗಿ ಗಾಜಿನಂತಾಗಿ, ಸಂದುಗೊಂದುಗಳನ್ನು ತುಂಬಿ, ಎಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತವೆ, ಇದು ಎರಡನೆಯದು. ನಾನು ಬಳಸುವ ಸ್ಟೋನ್‌ವೇರ್ ಮಣ್ಣು ಎರಡೂ ಸೇರಿ ನೂರಕ್ಕೆ 12ರಷ್ಟು ಕುಗ್ಗುತ್ತದೆ.

ಹನ್ನೆರಡು ಅಷ್ಟೇನೂ ದೊಡ್ಡದಲ್ಲ ಎಂದುಕೊಂಡದ್ದೇ ನನ್ನ ತಪ್ಪು. ಮಗ್ ಎತ್ತರದಲ್ಲಿ 12, ಅಗಲದಲ್ಲಿ 12, ಆಚೆ ಅಗಲದಲ್ಲೂ 12 ಕುಗ್ಗುತ್ತದೆ. ನೂರು ಇದ್ದ ಅಳತೆ ಮೂರೂ ಕಡೆ 88 ಆದಾಗ ಒಳಗಿನ ಜಾಗ 68ಕ್ಕೆ ಇಳಿಯುತ್ತದೆ. ಹಸಿಯಾಗಿದ್ದಾಗ 300 ಹಿಡಿಯುತ್ತಿದ್ದ ಮಗ್ ಸುಟ್ಟ ಮೇಲೆ 204 ಹಿಡಿಯುತ್ತದೆ. ಮೇಷ್ಟರ ಸಿರಿಂಜು ಒಂದು ಎಂ.ಎಲ್. ಕೂಡ ತಪ್ಪಿರಲಿಲ್ಲ! ಈಗ 300 ಬೇಕಾದರೆ ತಿಗುರಿಯ ಮೇಲೆ 440 ಹಿಡಿಯುವಂತೆ ಎತ್ತುತ್ತೇನೆ. ಒಂಬತ್ತು ಸೆಂಟಿಮೀಟರ್ ಎತ್ತರ ಬೇಕಾದರೆ ಹತ್ತಕ್ಕಿಂತ ತುಸು ಹೆಚ್ಚು. ಹಸಿ ಮಗ್ ನೋಡಿದವರು 'ಇದೇನು, ಸಾರಿನ ಪಾತ್ರೆಯೇ?' ಎಂದು ಕೇಳುವಷ್ಟು ದಪ್ಪಗಿರುತ್ತದೆ.

ಇನ್ನೊಬ್ಬರ ದೂರು ಇದಕ್ಕಿಂತ ಗಂಭೀರವಾದದ್ದು. ಶಿರಸಿಯ ಗೃಹಿಣಿಯೊಬ್ಬರು ರಾತ್ರಿ ನನ್ನ ಮಗ್ಗಿನಲ್ಲಿ ನೀರು ತುಂಬಿಸಿ ದಿನಪತ್ರಿಕೆಯ ಮೇಲೆ ಇಟ್ಟಿದ್ದರು. ಬೆಳಿಗ್ಗೆ ಪತ್ರಿಕೆಯ ಮೇಲೆ ದುಂಡಗೆ ಒದ್ದೆಯ ಗುರುತು. ಮಗ್ಗಿಗೆ ಎಲ್ಲೂ ಬಿರುಕಿಲ್ಲ, ಒಳಗೆ ಹೊರಗೆ ಗ್ಲೇಜ್ ಫಳಫಳ ಹೊಳೆಯುತ್ತಿದೆ. ಆದರೂ ಮಗ್ ಬೆವರಿತ್ತು.

ಕಾರಣ ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ಮಣ್ಣಿಗೆ ಮಣ್ಣಿಗೆ ಬೇಯುವ ಶಾಖ ಬೇರೆ. ನಾನು ಕೊಂಡು ತಂದಿದ್ದು 1,280 ಡಿಗ್ರಿಯ ಆಸುಪಾಸಿನಲ್ಲಿ ಬೇಯುವ ಮಣ್ಣು. ಆದರೆ ನನಗೆ ಇಷ್ಟವಾದ ನೀಲಿ ಗ್ಲೇಜ್ 1,220ರಲ್ಲೇ ಕರಗಿ ಕೂರುತ್ತಿತ್ತು. ಹಾಗಾಗಿ 1,220ಕ್ಕೇ ಆವಿಗೆ ನಿಲ್ಲಿಸುತ್ತಿದ್ದೆ. ಮೇಲಿನ ಬಣ್ಣ ಬೆಂದಿತ್ತು, ಒಳಗಿನ ಮಣ್ಣು ಅರೆಬೆಂದಿತ್ತು. ಮೇಲೆ ಕೆಂಪಗಾಗಿ ಒಳಗೆ ಹಿಟ್ಟು ಹಸಿಯಾಗಿಯೇ ಉಳಿದ ಬೋಂಡಾದ ಹಾಗೆ. ಅದರ ಮೇಲೆ ಇನ್ನೊಂದು ದೋಷ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿ, ಕೂದಲೆಳೆಯಂಥ ಬಿರುಕಿನ ಬಲೆ ಕಟ್ಟಿಕೊಂಡಿತ್ತು. ನೀರು ಆ ಬಲೆಯಲ್ಲಿ ಇಳಿದು, ಅರೆಬೆಂದ ಮಣ್ಣು ಅದನ್ನು ಹೀರಿ, ಗ್ಲೇಜ್ ಇಲ್ಲದ ತಳದಿಂದ ಹೊರಗೆ ಬರುತ್ತಿತ್ತು. ಈ ಬಲೆ ಕೆಲವೊಮ್ಮೆ ವಾರಗಳ ನಂತರ ಏಳುತ್ತದೆ. ಆವಿಗೆಯಿಂದ ತೆಗೆದ ಮೇಲೂ ಶೆಲ್ಫಿನಿಂದ ಟಿಂಗ್ ಟಿಂಗ್ ಸದ್ದು ಬರುತ್ತಿದ್ದರೆ ಅದೇ. ಮೊದಮೊದಲು ಆ ಸದ್ದು ಸಂಗೀತದಂತಿದೆ ಎಂದು ನಾನು ವಿಡಿಯೋ ಮಾಡಿ ಹಾಕಿದ್ದುಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಣ್ಣು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಗ್ಲೇಜ್ ಹಾಕದೆ ಸುಟ್ಟ ಒಂದು ತುಂಡನ್ನು ಪೂರ್ತಿ ಒಣಗಿಸಿ ತೂಗಬೇಕು. ಐದು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಒಂದು ದಿನ ಬಿಟ್ಟು, ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿ ಮತ್ತೆ ತೂಗಬೇಕು. ಏರಿದ ತೂಕವೆಲ್ಲ ಒಳಗೆ ಕೂತ ನೀರು. ನನ್ನ ಹಳೆಯ ಮಣ್ಣಿನ ತುಂಡು 104 ಗ್ರಾಂ ಇದ್ದದ್ದು 110 ಆಯಿತು; ನೂರಕ್ಕೆ ಆರರ ಹತ್ತಿರ. ಕಾಫಿ ಕುಡಿಯುವ ಮಗ್ಗಿಗೆ ಇದು ಎರಡರೊಳಗೆ ಇರಬೇಕು. ಆಮೇಲೆ 1,220ರಲ್ಲೇ ಬೇಯುವ ಮಣ್ಣಿಗೆ ಬದಲಾಯಿಸಿಕೊಂಡೆ. ಅದರ ತುಂಡು 112 ಇದ್ದದ್ದು 113.5 ಆಗಿ ನಿಂತಿತು. ಶಿರಸಿಯ ಅವರಿಗೆ ಹೊಸ ಮಗ್ ಕಳಿಸಿದೆ. ಹಳೆಯದನ್ನು ವಾಪಸು ಕೇಳಿದರೆ, 'ಅದರಲ್ಲಿ ಪೆನ್ನು ಇಟ್ಟಿದ್ದೇನೆ, ಕೊಡುವುದಿಲ್ಲ' ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನೀರು ಹೀರುವುದು ನನ್ನ ಮಗ್ಗಿಗೆ ದೋಷ, ಆದರೆ ಬೇಸಿಗೆಯ ಮಡಕೆಗೆ ಅದೇ ಗುಣ. ಊರಿನ ಕುಂಬಾರರು ಸೌದೆ, ಸೋಗೆ, ಹೊಟ್ಟು ಒಟ್ಟಿ ಸುಡುವ ಆವಿಗೆಯ ಶಾಖ ನನ್ನದಕ್ಕಿಂತ ಎಷ್ಟೋ ಕಡಿಮೆ. ಅದರಲ್ಲಿ ಬೆಂದ ಮಡಕೆ ತನ್ನ ತೂಕದ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ನೀರು ಹೀರಬಲ್ಲದು. ಹೀರಿದ ನೀರು ಹೊರಮೈಯಿಂದ ಆರುತ್ತಾ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ನನ್ನ ಶಾಖದಲ್ಲಿ ಸುಟ್ಟಿದ್ದರೆ ಆ ಮಡಕೆ ಮೊದಲೇ ಸೊಟ್ಟಾಗಿ ಕುಸಿಯುತ್ತಿತ್ತು, ನಿಂತಿದ್ದರೂ ನೀರು ತಣ್ಣಗಾಗುತ್ತಿರಲಿಲ್ಲ. 'ಮಡಕೆ ನೂರೈವತ್ತಕ್ಕೆ ಸಿಗುವಾಗ ನಿಮ್ಮ ಮಗ್ಗಿಗೇಕೆ 650?' ಎಂದು ಕೇಳುವವರಿಗೆ ನಾನು ಕೊಡುವ ಉತ್ತರದಲ್ಲಿ ಕೈಚಳಕದ ಮಾತು ಬರುವುದಿಲ್ಲ. ಕೈಚಳಕದಲ್ಲಿ ನಾನು ಅವರ ಹತ್ತಿರಕ್ಕೂ ಬರಲಾರೆ. ಎರಡು ಸಲ ಸುಡುವ ಕರೆಂಟು, ಕೊಂಡು ತರುವ ಮಣ್ಣು, ಮತ್ತು ಈಗ ಹೇಳಲಿರುವ ನಷ್ಟ, ಇವೇ ಆ ಬೆಲೆಯಲ್ಲಿರುವುದು.

ಇನ್ನು ಥ್ಯಾಂಕ್ಯೂ ಮಗ್‌ಗಳ ಕಥೆ. ಹಿಂಬಾಲಕರು ಒಂಬೈನೂರು ದಾಟಿದಾಗಲೇ ಮಾರ್ಚ್ ಮೊದಲ ವಾರದಲ್ಲಿ ಕೂತೆ. ಒಂದೊಂದಕ್ಕೆ 430 ಗ್ರಾಂ ಮಣ್ಣು, ಎರಡು ದಿನಕ್ಕೆ 36 ಮಗ್. ತಿಗುರಿಯ ಮೇಲೆ ಎತ್ತುವುದು ಎಲ್ಲರೂ ನೋಡಿ ಬೆರಗಾಗುವ ಕೆಲಸ. ಆದರೆ ಅಲ್ಲಿ ಹಾಳಾಗುವುದು ಕಡಿಮೆ, ಹಾಳಾದರೂ ಮಣ್ಣನ್ನು ಮತ್ತೆ ಕಲಸಿಕೊಳ್ಳಬಹುದು. ಮಾರನೆಯ ದಿನ ತಳ ಹೆರೆಯುವಾಗ ಮೂರರ ತಳ ತೂತಾಯಿತು. ಫೋನಿನಲ್ಲಿ ಮಾತಾಡುತ್ತ ಹೆರೆದರೆ ಹಾಗೆಯೇ ಆಗುವುದು. ಉಳಿದವು 33.

ಕಷ್ಟವಿರುವುದು ಹಿಡಿಯಲ್ಲಿ. ಮಗ್ಗಿನ ಗೋಡೆ ಒಂದು ದಿನದಲ್ಲಿ ಅರ್ಧ ಆರಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಎತ್ತಿ ಹಿಡಿದರೆ ಸೊಟ್ಟಾಗಬಾರದು. ಹಿಡಿಯನ್ನು ಆಗಷ್ಟೇ ಹಸಿ ಮಣ್ಣಿನಿಂದ, ಹಸುವಿನ ಹಾಲು ಕರೆಯುವಂತೆ ಒದ್ದೆ ಕೈಯಲ್ಲಿ ಎಳೆದು ಮಾಡುತ್ತೇವೆ. ಒಂದು ಆರಿದ್ದು, ಒಂದು ಹಸಿ. ಆರಿದ್ದು ತನ್ನ ಕುಗ್ಗುವಿಕೆಯನ್ನು ಸ್ವಲ್ಪ ಮುಗಿಸಿಕೊಂಡಿದೆ, ಹಸಿಯದು ಇನ್ನೂ ಶುರು ಮಾಡಿಲ್ಲ. ಇಬ್ಬರನ್ನೂ ಗೀರು ಹಾಕಿ, ಮಣ್ಣಿನ ಸರಿ ಬಳಿದು ಅಂಟಿಸಿದ ಮೇಲೆ ಹಸಿಯದು ಕುಗ್ಗಲು ಹೊರಡುತ್ತದೆ, ಗೋಡೆ ಬಿಡುವುದಿಲ್ಲ. ಕಿತ್ತುಕೊಳ್ಳುವ ಜಾಗ ಹೆಚ್ಚಾಗಿ ಮೇಲಿನ ಬೆಸುಗೆ. ಅದನ್ನು ತಪ್ಪಿಸಲು ಹಿಡಿಯನ್ನು ಸ್ವಲ್ಪ ಆರಲು ಬಿಟ್ಟು ಅಂಟಿಸಬೇಕು, ಆಮೇಲೆ ಇಡೀ ಮಗ್ಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ದಿನ ಬಿಡಬೇಕು. ಒಳಗಿನ ತೇವ ಎರಡಕ್ಕೂ ಸಮನಾಗಿ ಹಂಚಿಕೊಂಡ ಮೇಲಷ್ಟೇ ಒಣಗಲು ಬಿಡುವುದು.

ನಾನು ಸುತ್ತಿದ್ದೆ. ಆದರೆ ಮಾರ್ಚಿನ ಮಧ್ಯಾಹ್ನದ ಒಣಗಾಳಿಗೆ ಕಿಟಕಿಯ ಬದಿಯ ಹಲಗೆಯ ಮೇಲಿನ ಪ್ಲಾಸ್ಟಿಕ್ ಹಾರಿಹೋಗಿತ್ತು. ಆ ಹಲಗೆಯಲ್ಲಿದ್ದ ಐದಕ್ಕೆ ಹಿಡಿಯ ಬುಡದಲ್ಲಿ ಸಣ್ಣ ಗೆರೆ ಬಿದ್ದಿತ್ತು. ಅದನ್ನು ಮಣ್ಣು ಮೆತ್ತಿ ಮುಚ್ಚಬಹುದು, ಫೋಟೋದಲ್ಲಿ ಯಾರಿಗೂ ಕಾಣದು. ಆದರೆ ಬೆಂಕಿಗೆ ಕಾಣುತ್ತದೆ. ಸುಟ್ಟಾಗ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಒಂದು ವೇಳೆ ಸುಟ್ಟಾಗಲೂ ಬಿಡದೆ, ಬಿಸಿ ಕಾಫಿ ತುಂಬಿದ ದಿನ ಬಿಟ್ಟರೆ? ಐದನ್ನೂ ನೀರಿನ ಡ್ರಮ್ಮಿಗೆ ಹಾಕಿದೆ. ಉಳಿದವು 28.

ಅವುಗಳನ್ನು ಹತ್ತು ದಿನ ನೆರಳಿನಲ್ಲಿ ಒಣಗಿಸಿ ಮೊದಲ ಸಲ ಸುಟ್ಟೆ. ಇದನ್ನು ಬಿಸ್ಕ್ ಎನ್ನುತ್ತಾರೆ. ಸಾವಿರ ಡಿಗ್ರಿಗೆ ನಿಲ್ಲಿಸುತ್ತೇವೆ. ಮಣ್ಣು ಮುಟ್ಟಲು ತಣ್ಣಗಿದ್ದರೆ ಇನ್ನೂ ತೇವವಿದೆ ಎಂದರ್ಥ, ಕೆನ್ನೆಗೆ ಒತ್ತಿ ನೋಡುವುದು ನನ್ನ ಅಭ್ಯಾಸ. ತೇವವಿದ್ದರೆ ನೂರು ಡಿಗ್ರಿ ದಾಟುವಾಗ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಸಾಲದೆ ಮಗ್ಗನ್ನು ಚೂರು ಮಾಡುತ್ತದೆ. ಒಂದನ್ನು ಕೆನ್ನೆಗೆ ಒತ್ತಲು ಮರೆತಿರಬೇಕು. ಬಾಗಿಲು ತೆಗೆದಾಗ ಅದು ಇರಲಿಲ್ಲ, ಅದರ ಪುಡಿ ಎಲ್ಲ ಕಡೆ ಇತ್ತು. ಇನ್ನೆರಡರ ತಳದಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂಥ ಬಿರುಕು. ತಿಗುರಿಯ ಮೇಲಿದ್ದಾಗ ತಳವನ್ನು ಬೆರಳಿನಿಂದ ಸಾಕಷ್ಟು ಒತ್ತಿ ಗಟ್ಟಿ ಮಾಡದಿದ್ದರೆ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯದಿದ್ದರೆ ಹೀಗಾಗುತ್ತದೆ. ಗೋಡೆ ಬೆರಳುಗಳ ಒತ್ತಡದಲ್ಲಿ ಏಳುತ್ತದೆ, ತಳ ಮಾತ್ರ ಯಾರೂ ವಿಚಾರಿಸದೆ ಉಳಿದುಬಿಡುತ್ತದೆ. 25 ಉಳಿದವು.

ಎರಡನೆಯ ಸಲ ಸುಡುವ ಮೊದಲು ಗ್ಲೇಜ್. ಅದು ಬಣ್ಣವಲ್ಲ, ಕರಗಿಸಿದರೆ ಗಾಜಾಗುವ ಕಲ್ಲಿನ ಪುಡಿ: ಸಿಲಿಕಾ, ಫೆಲ್ಡ್‌ಸ್ಪಾರ್, ಸೀಮೆಸುಣ್ಣ, ಬಿಳಿ ಜೇಡಿ. ನೀರಿನಲ್ಲಿ ಕೆನೆಯಷ್ಟು ಗಟ್ಟಿಯಾಗಿ ಕಲಸಿ, ಬಿಸ್ಕ್ ಮಗ್ಗನ್ನು ಮೂರು ಎಣಿಸುವಷ್ಟು ಹೊತ್ತು ಅದ್ದಿ ತೆಗೆಯಬೇಕು. ಬಿಸ್ಕ್ ನೀರನ್ನು ಎಳೆದುಕೊಳ್ಳುತ್ತದೆ, ಪುಡಿ ಹೊರಗೆ ಪದರವಾಗಿ ಕೂರುತ್ತದೆ. ತಳವನ್ನು ಮಾತ್ರ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಕರಗಿದ ಗಾಜು ಮಗ್ಗನ್ನು ಆವಿಗೆಯ ಹಲಗೆಗೆ ಬೆಸೆದುಬಿಡುತ್ತದೆ. ಈ ಸಲ ಎರಡು ಹಾಗೆ ಬೆಸೆದುಕೊಂಡವು. ಉಳಿಯಿಂದ ಎಬ್ಬಿಸಿದರೆ ಹಲಗೆಯ ಚೂರೂ ಜೊತೆಗೇ ಬಂತು.

ಇನ್ನೊಂದರ ಕಥೆ ಬೇರೆ. ಹೊಳೆಯುವ ನೀಲಿಯ ನಡುವೆ ಹೆಬ್ಬೆಟ್ಟಿನ ಆಕಾರದ ಒಂದು ಬೋಳು ಜಾಗ, ಸುತ್ತ ಗ್ಲೇಜ್ ಹಿಂದೆ ಸರಿದು ಉಬ್ಬಿ ನಿಂತಿತ್ತು. ಎಣ್ಣೆ ಅಥವಾ ಧೂಳು ಇದ್ದ ಕಡೆ ಗ್ಲೇಜ್ ಹಿಡಿಯುವುದಿಲ್ಲ, ಕರಗುವಾಗ ಸುರುಟಿ ಹಿಂದೆ ಸರಿಯುತ್ತದೆ. ಆದರೆ ನನ್ನ ಕೈಯಲ್ಲಿ ಎಣ್ಣೆ ಎಲ್ಲಿಂದ? ಊಟಕ್ಕೆ ಕೂತಾಗ ನೆನಪಾಯಿತು. ಹಿಂದಿನ ಭಾನುವಾರ ಅಮ್ಮ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಬಂದು, 'ಇಷ್ಟು ಅಂಚಿಗೆ ಇಟ್ಟಿದ್ದೀಯಲ್ಲೇ, ಬೀಳುತ್ತೆ' ಎಂದು ಒಂದು ಮಗ್ಗನ್ನು ಒಳಗೆ ಸರಿಸಿದ್ದರು. ಪೋಸ್ಟಿನಲ್ಲಿ ಅತಿ ಹೆಚ್ಚು ಜನ ಮೆಚ್ಚಿದ ಫೋಟೋ ಅದೇ. ಈಗ ಅದು ಅಮ್ಮನ ಮಗ್, ಬೇರೆಯವರು ಮುಟ್ಟುವಂತಿಲ್ಲ.

ಹೀಗೆ ಉಳಿದದ್ದು 22. ಅಂದು ರಾತ್ರಿ ಮೊಬೈಲು ಟಿಣ್ ಎಂದಾಗ ಇವೇ ಒಳಗೆ ಬೇಯುತ್ತಿದ್ದವು. ಆವಿಗೆಯೊಳಗೆ ಕಿಂಡಿಯ ಎದುರು ಕೋನ್ ಎಂಬ ಸಣ್ಣ ಗೋಪುರದಂಥ ಕಡ್ಡಿ ನಿಲ್ಲಿಸಿರುತ್ತೇವೆ. ಮಗ್ಗಿನ ಹಾಗೆಯೇ ಅದೂ ಶಾಖದ ಜೊತೆಗೆ ಸಮಯವನ್ನೂ ತಿಂದು ಮೆತ್ತಗಾಗಿ ಬಾಗುತ್ತದೆ. ಮೀಟರು ಶಾಖವನ್ನಷ್ಟೇ ಹೇಳುತ್ತದೆ, ಕೋನ್ ಬೆಂದದ್ದನ್ನು ಹೇಳುತ್ತದೆ. ನಡುರಾತ್ರಿಯ ಹೊತ್ತಿಗೆ ಅದರ ತುದಿ ತಲೆಬಾಗಿ ಬುಡ ಮುಟ್ಟಿತು. ಕರೆಂಟು ಆರಿಸಿ ಮಲಗಿದೆ.

ಪೋಸ್ಟಿಗೆ ಫೋಟೋ ಬೇಕಿತ್ತು. ಸಂಜೆ ಏಳಕ್ಕೆ ಹಾಕುತ್ತೇನೆ ಎಂದು ಬೇರೆ ಹೇಳಿಕೊಂಡಿದ್ದೆ. ಮಾರನೆಯ ದಿನ ಮಧ್ಯಾಹ್ನ ಮೀಟರು 180ರಲ್ಲಿತ್ತು. ನೂರಕ್ಕೆ ಇಳಿಯುವ ತನಕ ಬಾಗಿಲು ಮುಟ್ಟಬಾರದು ಎಂದು ಸ್ಟುಡಿಯೋಗೆ ಬರುವ ಮಕ್ಕಳಿಗೆಲ್ಲ ಪಾಠ ಹೇಳುವವಳು, ಅಂದು ನಾಲ್ಕು ಬೆರಳು ಬಾಗಿಲು ತೆರೆದಿಟ್ಟೆ. ನಾಲ್ಕು ಗಂಟೆಗೆ ಎಲ್ಲ ಹೊರಬಂದವು. ನೀಲಿ ಚೆನ್ನಾಗಿ ಬಂದಿತ್ತು. ಏಳಕ್ಕೆ ಪೋಸ್ಟ್ ಹೋಯಿತು: ಮಾಡಿದ್ದು 36, ಉಳಿದದ್ದು 22, ಚೀಟಿ ಎತ್ತುವುದು ಭಾನುವಾರ.

ಶನಿವಾರ ಬೆಳಿಗ್ಗೆ ತಾತ ಬಂದರು. ಹತ್ತಿರದ ಹಳ್ಳಿಯ ಕುಂಬಾರರು, ನನಗೆ ಆಗಾಗ ದೀಪ, ಹೂಜಿ ತಂದು ಕೊಡುತ್ತಾರೆ. ನನ್ನ ಆವಿಗೆ ಅವರಿಗೆ ಯಾವತ್ತೂ ತಮಾಷೆಯೇ. ಅವತ್ತೂ ಅದರ ಸುತ್ತ ಒಂದು ಸುತ್ತು ಬಂದು, "ಹೊಗೆನೇ ಬರಾಕಿಲ್ವಲ್ಲವ್ವ ಇದರಾಗೆ, ಬೆಂದದ್ದು ಹೆಂಗ್ ಗೊತ್ತಾಯ್ತದೆ?" ಎಂದರು. ಬಾಗಿದ ಕೋನ್ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಕೆಳಗಿಟ್ಟರು. ಆಮೇಲೆ ಮೇಜಿನ ಮೇಲೆ ಸಾಲಾಗಿದ್ದ ಮಗ್‌ಗಳನ್ನು ಒಂದೊಂದಾಗಿ ಎಡಗೈಯ ಬೆರಳ ತುದಿಯಲ್ಲಿ ಎತ್ತಿ, ಬಲಗೈಯ ಬೆರಳಿನಿಂದ ತಟ್ಟತೊಡಗಿದರು. ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟುವ ಹಾಗೆಯೇ. ಠಣ್, ಠಣ್, ಠಣ್. ಹದಿನಾಲ್ಕನೆಯದೋ ಹದಿನೈದನೆಯದೋ ಬೊದ್ದು ಎಂದಿತು.

"ಇದು ಸೀಳೈತೆ ಕಣವ್ವ."

ನನಗೆ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಇಲ್ಲ. ಕೊನೆಗೆ ನೀಲಿ ಶಾಯಿಯಲ್ಲಿ ಅದ್ದಿದ ಬಟ್ಟೆಯಿಂದ ಗ್ಲೇಜ್ ಇಲ್ಲದ ತಳ ಒರೆಸಿದಾಗ, ತಳದಿಂದ ಗೋಡೆಗೆ ಏರುವ ಕೂದಲೆಳೆಯಷ್ಟು ಗೆರೆ ಶಾಯಿ ಕುಡಿದು ಮೇಲೆದ್ದಿತು. ಅಂಚು ಹರಿತವಾಗಿತ್ತು, ಗ್ಲೇಜ್ ಬಿರುಕಿನೊಳಗೆ ಇಳಿದಿರಲಿಲ್ಲ. ಅಂದರೆ ಗ್ಲೇಜ್ ಗಟ್ಟಿಯಾದ ಮೇಲೆ, ತಣಿಯುವಾಗ ಬಿದ್ದದ್ದು. ಮೊದಲೇ ಇದ್ದ ಬಿರುಕಾಗಿದ್ದರೆ ಕರಗಿದ ಗ್ಲೇಜ್ ಅದರ ಅಂಚನ್ನು ಉರುಟು ಮಾಡುತ್ತಿತ್ತು. ಈ ಮಗ್ ಬಾಗಿಲಿನ ಬಳಿಯ ಹಲಗೆಯ ಮೇಲಿತ್ತು ಎಂಬುದೂ ನೆನಪಿತ್ತು. ನಾಲ್ಕು ಬೆರಳು ಸಂದಿನಿಂದ ಬಂದ ತಣ್ಣನೆಯ ಗಾಳಿ ಮೊದಲು ಬಡಿದದ್ದು ಅದಕ್ಕೇ.

"ಯಾಕವ್ವ, ಬೇಗ ತೆಗೆದ್ಯಾ?" ಎಂದು ತಾತ ಕೇಳಿದರು. ಫೋಟೋಗೆ ಎಂದು ಹೇಳಲು ಬಾಯಿ ಬರಲಿಲ್ಲ. ಉಳಿದ ಏಳೆಂಟನ್ನೂ ಅವರು ಪೂರ್ತಿ ತಟ್ಟಿ ನೋಡುವ ತನಕ ನಿಂತಿದ್ದೆ. ಅವರಿಗೆ ಚಹಾ ಕೊಟ್ಟು ಕಳಿಸಿ, ಮೊಬೈಲು ತೆಗೆದು ಪೋಸ್ಟಿನಲ್ಲಿದ್ದ 22 ಅನ್ನು ಅಳಿಸಿ 21 ಎಂದು ತಿದ್ದಿದೆ.